ಸ್ಕ್ಯಾನ್ ಮಾಡಿದರೆ ಏನು ಸಿಗುತ್ತದೆ? ಕರಪತ್ರದ ಕ್ಯೂಆರ್ ಕೋಡಿನ ಕೆಳಗೆ ಇರಬೇಕಾದ ಸಾಲು

ಒಂದು ಕಡೆ ಪೊಲೀಸರು "ಗೊತ್ತಿಲ್ಲದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಡಿ" ಎನ್ನುತ್ತಾರೆ. ಅಂಗಡಿಯ ಕೋಡಿನ ಮೇಲೆ ಬೇರೆಯವರ ಕೋಡ್ ಅಂಟಿಸಿ ಹಣ ಹೊಡೆದ ಸುದ್ದಿಗಳು ದೇಶದ ಹಲವು ಕಡೆಗಳಿಂದ ಬಂದಿವೆ. ಇನ್ನೊಂದು ಕಡೆ ಮಂಗಳೂರು, ಉಡುಪಿಯಲ್ಲಿ ಕೈಗೆ ಬರುವ ಪ್ರತಿ ಕರಪತ್ರದಲ್ಲೂ ಒಂದು ಕೋಡ್ ಇದೆ. ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ನೋಟಿಸು, ರಕ್ತದಾನ ಶಿಬಿರದ ಹಾಳೆ, ಎಲ್ಲದರಲ್ಲೂ "ಹೆಚ್ಚಿನ ಮಾಹಿತಿಗಾಗಿ ಸ್ಕ್ಯಾನ್ ಮಾಡಿ" ಎಂಬ ಒಂದೇ ಸಾಲು. ಹಾಗಾದರೆ ಸ್ಕ್ಯಾನ್ ಮಾಡಬೇಕೋ ಬೇಡವೋ?

ಎರಡು ಮಾತೂ ಸುಳ್ಳಲ್ಲ. ನಡುವೆ ಕಾಣೆಯಾಗಿರುವುದು ಒಂದು ಸಾಲು. ಆ ಕೋಡ್ ಏನು ಕೊಡುತ್ತದೆ ಎಂದು ಸ್ಪಷ್ಟವಾಗಿ ಹೇಳುವ ಸಾಲು ಕೆಳಗಿದ್ದರೆ "ಗೊತ್ತಿಲ್ಲದ ಕೋಡ್" ಎಂಬ ಪ್ರಶ್ನೆಯೇ ಬಹುಮಟ್ಟಿಗೆ ಮುಗಿಯುತ್ತದೆ. ಆ ಸಾಲು ಬರೆಯುವುದು ಮಾತ್ರ ಅಂದುಕೊಂಡಷ್ಟು ಸುಲಭ ಅಲ್ಲ.

ಕೋಡಿನ ಒಳಗೆ ಇರುವುದು ಬರೀ ಅಕ್ಷರ

ಕ್ಯೂಆರ್ ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೋ ಕಂಪನಿಯಲ್ಲಿ. ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ್ದು. ಕಪ್ಪು ಬಿಳಿ ಚೌಕಗಳಲ್ಲಿ ಒಂದು ಸಾಲು ಬರಹವನ್ನು ಅಡಗಿಸಿಡುವುದಷ್ಟೇ ಅದರ ಕೆಲಸ. ಆ ಬರಹ `https://` ಎಂದು ಶುರುವಾದರೆ ಫೋನು ವೆಬ್ ಪುಟ ತೆರೆಯುತ್ತದೆ. `upi://` ಎಂದು ಶುರುವಾದರೆ ಪೇಮೆಂಟ್ ಆ್ಯಪ್ ತೆರೆಯುತ್ತದೆ. `tel:` ಎಂದಿದ್ದರೆ ಫೋನ್ ನಂಬರ್ ಬರುತ್ತದೆ.

ಇಲ್ಲೇ ಗೊಂದಲದ ಬೇರು ಇದೆ. ದಾರಿ ತೋರಿಸುವ ಕೋಡ್, ಹಣ ಕೇಳುವ ಕೋಡ್, ವಾಟ್ಸಾಪ್ ಗ್ರೂಪಿಗೆ ಸೇರಿಸುವ ಕೋಡ್, ಮೂರೂ ಕಣ್ಣಿಗೆ ಒಂದೇ ಥರ. ಮನುಷ್ಯರಿಗೆ ಓದಲು ಬರುವುದು ಕೆಳಗಿನ ಸಾಲು ಮಾತ್ರ. ಅದು ಏನೂ ಹೇಳದಿದ್ದರೆ ಓದುಗ ತನ್ನ ಅಭ್ಯಾಸದಿಂದ ಅರ್ಥ ಮಾಡಿಕೊಳ್ಳುತ್ತಾನೆ. ನಮ್ಮೂರಲ್ಲಿ ಆ ಅಭ್ಯಾಸ ಯಾವುದು? ಮೀನು ಮಾರ್ಕೆಟಿನಿಂದ ರಿಕ್ಷಾದವರೆಗೆ ಕ್ಯೂಆರ್ ಕೋಡ್ ಎಂದರೆ ದುಡ್ಡು ಕೊಡುವ ಜಾಗ. ಹಾಗಾಗಿ ಉಚಿತ ಶಿಬಿರದ ಹಾಳೆಯಲ್ಲಿ ಕೋಡ್ ಕಂಡರೂ ಮೊದಲು ಮನಸ್ಸಿಗೆ ಬರುವುದು "ಇದಕ್ಕೂ ಹಣ ಕಟ್ಟಬೇಕಾ?" ಎಂಬ ಸಂಶಯ.

ಅಭ್ಯಾಸ ಕೈಗೂ ಬಂದಿದೆ. ಕೋಡ್ ಕಂಡ ತಕ್ಷಣ ಜಾಸ್ತಿ ಜನ ತೆರೆಯುವುದು ಪೇಮೆಂಟ್ ಆ್ಯಪನ್ನು. ಅದರಲ್ಲಿ ಗೂಗಲ್ ಮ್ಯಾಪಿನ ಕೋಡ್ ಹಿಡಿದರೆ ಸಾಮಾನ್ಯವಾಗಿ "ಇದು ಸರಿಯಾದ ಕೋಡ್ ಅಲ್ಲ" ಎಂಬರ್ಥದ ಸಂದೇಶ ಬರುತ್ತದೆ. ಕೋಡ್ ಸರಿಯಾಗಿಯೇ ಇರುತ್ತದೆ, ಹಿಡಿದ ಆ್ಯಪ್ ಬೇರೆ, ಅಷ್ಟೇ. ಆದರೆ ನೋಡಿದವರು "ಇದು ಹಾಳಾಗಿದೆ" ಎಂದೋ "ಇದು ಮೋಸ" ಎಂದೋ ಹಾಳೆ ಮಡಿಚಿಡುತ್ತಾರೆ. "ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿ" ಎಂದು ಬರೆದಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ.

ಸ್ಕ್ಯಾನ್ ಮಾಡಿದ ಕೂಡಲೇ ಹಣ ಹೋಗುತ್ತದಾ?

ಇದನ್ನು ನೇರವಾಗಿ ಹೇಳಿಬಿಡಬೇಕು. ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಯುಪಿಐ ಖಾತೆಯಿಂದ ಹಣ ಹೋಗುವುದಿಲ್ಲ. ಮೊತ್ತ ನೋಡಿ, ಪಾವತಿ ಬಟನ್ ಒತ್ತಿ, ಪಿನ್ ಹಾಕಿದ ಮೇಲೆ ಹೋಗುತ್ತದೆ. ಯುಪಿಐ ಲೈಟ್‌ನಂಥ ಸಣ್ಣ ಪಾವತಿಗೆ ಪಿನ್ ಬೇಡ, ಆದರೆ ಅಲ್ಲೂ ಬಟನ್ ಒತ್ತುವುದು ನೀವೇ. ಹಣ ಪಡೆಯುವುದಕ್ಕಂತೂ ಪಿನ್ ಬೇಕಾಗುವುದೇ ಇಲ್ಲ. "ನಿಮಗೆ ಹಣ ಬರುತ್ತದೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎಂದು ಯಾರಾದರೂ ಹೇಳಿದರೆ ಅದು ವಂಚನೆ.

ಅಪಾಯ ಇರುವುದು ಸ್ಕ್ಯಾನ್ ಆದ ಮೇಲಿನ ಹೆಜ್ಜೆಯಲ್ಲಿ. ಬ್ಯಾಂಕಿನ ಪುಟದಂತೆ ಕಾಣುವ ನಕಲಿ ಪುಟ, ಯಾವುದೋ ಆ್ಯಪ್ ಹಾಕಿಕೊಳ್ಳಿ ಎನ್ನುವ ಪುಟ, ಓಟಿಪಿ ಕೇಳುವ ಫಾರಂ, ಇವೇ ನಿಜವಾದ ಬಲೆ. ತೆರೆದದ್ದು ಸರಿಯಾದ ಪುಟವೋ ಅಲ್ಲವೋ ಎಂದು ತಿಳಿಯಬೇಕಾದರೆ, ಏನು ತೆರೆಯಬೇಕಿತ್ತು ಎಂದು ಮೊದಲೇ ಗೊತ್ತಿರಬೇಕು ಅಲ್ವಾ? ಕೋಡಿನ ಕೆಳಗಿನ ಸಾಲು ಮಾಡಬೇಕಾದ್ದು ಆ ಕೆಲಸ.

ಯಾರ ವಾದ ಏನು?

ಸಮಿತಿಯವರ ಕಷ್ಟ ಬೇರೆ. ದೇವಸ್ಥಾನದ ಆಮಂತ್ರಣದಲ್ಲಿ ಜಾಗವೇ ಇರುವುದಿಲ್ಲ. ತಂತ್ರಿಗಳು, ಆಡಳಿತ ಮೊಕ್ತೇಸರರು, ಸಮಿತಿಯ ಅಧ್ಯಕ್ಷರು, ಮಹಿಳಾ ಸಮಿತಿ, ದಿನದಿನದ ವೈದಿಕ ಕಾರ್ಯಕ್ರಮ, ಅನ್ನಸಂತರ್ಪಣೆ, ಸಭೆ, ಯಕ್ಷಗಾನ ಎಲ್ಲ ಹಿಡಿಸಬೇಕು. ಹೆಸರು ಬಿಟ್ಟರೆ ಬೇಸರ, ಕೋಡಿನ ವಿವರಣೆ ಬಿಟ್ಟರೆ ಯಾರೂ ಕೇಳುವುದಿಲ್ಲ. ಜತೆಗೆ ಒಂದು ಸಂಕೋಚವೂ ಇದೆ. "ಇಲ್ಲಿ ಹಣ ಕೊಡಿ" ಎಂದು ನೇರವಾಗಿ ಬರೆಯುವುದು ಚಂದ ಅಲ್ಲ ಎಂದು ಕೋಡನ್ನು ಸುಮ್ನೆ ಒಂದು ಮೂಲೆಯಲ್ಲಿ ಇಡುತ್ತಾರೆ. ಆ ಸಂಕೋಚ ಅರ್ಥವಾಗುವಂಥದ್ದೇ. ಆದರೆ ಪರಿಣಾಮ ಉಲ್ಟಾ ಆಗುತ್ತದೆ. ಹೇಳದೆ ಇಟ್ಟ ಹಣದ ಕೋಡ್, ಕೇಳಿ ಇಟ್ಟ ಕೋಡಿಗಿಂತ ಜಾಸ್ತಿ ಅನುಮಾನ ಹುಟ್ಟಿಸುತ್ತದೆ.

ಪ್ರೆಸ್ಸಿನವರು "ಅಕ್ಷರ ಕಡಿಮೆ ಇದ್ದಷ್ಟು ಹಾಳೆ ಚಂದ" ಎನ್ನುತ್ತಾರೆ. ವಿನ್ಯಾಸದ ಮಟ್ಟಿಗೆ ಇದು ನಿಜ. ಪೊಲೀಸರ ಎಚ್ಚರಿಕೆ ಕೂಡ ನಿಜ, ಆದರೆ ಅದು ಓದುಗನಿಗೆ ಹೇಳಿದ ಮಾತು. ಓದುಗ ಕೋಡನ್ನು ನೋಡಿಯೇ ಅದರ ಒಳಗೇನಿದೆ ಎಂದು ತಿಳಿಯಲಾರ. ಹಾಗಾಗಿ ಭಾರದ ದೊಡ್ಡ ಪಾಲು ಅಚ್ಚು ಹಾಕಿಸುವವರ ಮೇಲೆಯೇ ಬೀಳಬೇಕು ಎಂಬುದು ಈ ಲೇಖನದ ನಿಲುವು.

"ಹೆಚ್ಚಿನ ಮಾಹಿತಿಗಾಗಿ" ಎಂಬ ಮಾತು ಬಂದದ್ದು ಹಳೆಯ ಕರಪತ್ರಗಳಿಂದ. ಅಲ್ಲಿ ಅದರ ಮುಂದೆ ಫೋನ್ ನಂಬರ್ ಇರುತ್ತಿತ್ತು. ಆಚೆ ತುದಿಯಲ್ಲಿ ಒಬ್ಬರು ಇರುತ್ತಿದ್ದರು, ಏನು ಬೇಕೋ ಕೇಳಬಹುದಿತ್ತು. ಕೋಡಿಗೆ ಪ್ರಶ್ನೆ ಕೇಳಲು ಆಗುವುದಿಲ್ಲ. ಅದು ಕೊಡುವುದು ಒಂದೇ ಒಂದು ವಸ್ತು. ಆ ವಸ್ತುವಿನ ಹೆಸರು ಹೇಳುವುದು ಬಿಟ್ಟು ಬೇರೆ ದಾರಿ ಇಲ್ಲ.

ಒಂದು ಆಮಂತ್ರಣ, ಮೂರು ಕೋಡ್

ಕಾಪುವಿನಿಂದ ಶಿರ್ವಕ್ಕೆ ಹೋಗುವ ರಸ್ತೆಯ ಒಳಗೊಂದು ಊರು ಎಂದುಕೊಳ್ಳೋಣ. ದೇವಸ್ಥಾನದ ಜೀರ್ಣೋದ್ಧಾರ ಮುಗಿದಿದೆ, ಬ್ರಹ್ಮಕಲಶೋತ್ಸವದ ಹಾಳೆ ಅಚ್ಚಿಗೆ ಹೋಗುತ್ತಿದೆ. ಕೊನೆಯ ಪುಟದ ಕೆಳಗೆ ಮೂರು ಕೋಡ್ ಅಕ್ಕಪಕ್ಕ ಕೂತಿವೆ: ದಾರಿಗೆ ಒಂದು, ದೇಣಿಗೆಗೆ ಒಂದು, ವಾಟ್ಸಾಪ್ ಗ್ರೂಪಿಗೆ ಒಂದು. ಮೂರಕ್ಕೂ ಸೇರಿ ಒಂದೇ ಸಾಲು, "ಸ್ಕ್ಯಾನ್ ಮಾಡಿ".

ಮೊದಲ ತೊಂದರೆ ಕೋಡುಗಳು ಅಷ್ಟು ಹತ್ತಿರ ಇರುವುದೇ. ಫೋನು ಹಿಡಿದಾಗ ಪರದೆಯಲ್ಲಿ ಎರಡು ಕೋಡ್ ಒಟ್ಟಿಗೆ ಕಂಡರೆ ಯಾವುದನ್ನು ಓದುತ್ತದೆ ಎಂದು ಹೇಳಲು ಬರುವುದಿಲ್ಲ. ದಾರಿ ಬೇಕಾದವನಿಗೆ ದೇಣಿಗೆಯ ಪರದೆ ತೆರೆದರೆ ಗಾಬರಿ ಸಹಜ. ಕೋಡುಗಳನ್ನು ಹಾಳೆಯ ಬೇರೆ ಬೇರೆ ಭಾಗದಲ್ಲಿಟ್ಟು, ಪ್ರತಿಯೊಂದರ ಕೆಳಗೆ ಅದರದ್ದೇ ಸಾಲು ಬರೆದರೆ ಅರ್ಧ ಸಮಸ್ಯೆ ಮುಗಿಯಿತು.

ದಾರಿಯ ಕೋಡಿಗೆ ಹೀಗೆ ಬರೆಯಬಹುದು:

"ದೇವಸ್ಥಾನಕ್ಕೆ ಬರುವ ದಾರಿಯನ್ನು ಗೂಗಲ್ ಮ್ಯಾಪ್‌ನಲ್ಲಿ ನೋಡಲು ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿ. ಹಣ ಕೇಳುವುದಿಲ್ಲ."

ಕನ್ನಡದ ಒಂದು ಅನುಕೂಲ ಇಲ್ಲಿ ಒದಗಿ ಬರುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಸಿಗುವ ವಸ್ತು ತಾನಾಗಿ ಮೊದಲು ಬರುತ್ತದೆ, ಮಾಡಬೇಕಾದ ಕೆಲಸ ಆಮೇಲೆ. "ಸ್ಕ್ಯಾನ್ ಮಾಡಿ, ಪಡೆಯಿರಿ" ಎಂದು ತಿರುಗಿಸಿ ಬರೆದರೆ ಆ ಅನುಕೂಲವನ್ನು ನಾವೇ ಕಳೆದುಕೊಂಡಂತೆ.

ಇದರ ಜತೆ ದಾರಿಯನ್ನು ಬಾಯಿಮಾತಿನ ಥರ ಒಂದು ಸಾಲು ಬರೆಯುವುದೂ ಬೇಕು: ಹೆದ್ದಾರಿ 66ರಲ್ಲಿ ಕಾಪುವಿನಲ್ಲಿ ತಿರುಗಿ, ಶಿರ್ವ ರಸ್ತೆಯಲ್ಲಿ ಇಷ್ಟು ಕಿಲೋಮೀಟರ್, ಇಂಥ ಕಟ್ಟೆಯ ಬಳಿ ಎಡಕ್ಕೆ. ಒಳಗಿನ ಊರಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಮ್ಯಾಪ್ ತೆರೆಯುವುದಿಲ್ಲ. ಆಗ ಕೈಯಲ್ಲಿ ಉಳಿಯುವುದು ಈ ಸಾಲು ಮಾತ್ರ.

ದೇಣಿಗೆಯ ಕೋಡ್: ಹೆಸರೇ ಮುಖ್ಯ

ಜಾಸ್ತಿ ಎಚ್ಚರ ಬೇಕಾದ್ದು ಇಲ್ಲಿ. ಯುಪಿಐ ಕೋಡಿನ ಒಳಗಿನ ಬರಹ ಸುಮಾರಾಗಿ ಹೀಗಿರುತ್ತದೆ:

```
upi://pay?pa=samiti@bank&pn=Utsava%20Samiti&cu=INR
```

`pa` ಎಂಬುದು ಹಣ ಹೋಗುವ ಯುಪಿಐ ವಿಳಾಸ. `pn` ಎಂಬುದು ಹೆಸರು. ಈ ಹೆಸರನ್ನು ಕೋಡ್ ಮಾಡುವವರು ಏನು ಬೇಕಾದರೂ ಬರೆಯಬಹುದಿತ್ತು, ಅದೇ ಪರದೆಯಲ್ಲೂ ಕಾಣುವ ಸಾಧ್ಯತೆ ಇತ್ತು. ದೇವಸ್ಥಾನದ ಹೆಸರು ಹಾಕಿ ಯಾರದ್ದೋ ಖಾತೆಗೆ ಹಣ ಹಾಕಿಸಿಕೊಳ್ಳಲು ಇದು ಸುಲಭದ ದಾರಿಯಾಗಿತ್ತು. ಅದಕ್ಕೇ ಯುಪಿಐ ನಡೆಸುವ ಎನ್‌ಪಿಸಿಐ 2025ರಲ್ಲಿ ಒಂದು ಸೂಚನೆ ಕೊಟ್ಟಿತು. ಹಣ ಕಳಿಸುವ ಮೊದಲು ಪರದೆಯಲ್ಲಿ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರೇ ಕಾಣಬೇಕು, ಕೋಡಿನಿಂದ ತೆಗೆದ ಹೆಸರು ಕಾಣಬಾರದು ಎಂದು. ಆ್ಯಪ್‌ಗಳಿಗೆ ಕೊಟ್ಟ ಗಡುವು 2025ರ ಜೂನ್ 30.

ಇದು ಒಳ್ಳೆಯ ನಿಯಮ. ಆದರೆ ಊರಿನ ಸಮಿತಿಗಳಿಗೆ ಇದರಿಂದ ಹೊಸ ಪೇಚು ಬಂದಿದೆ. ಎಷ್ಟೋ ಕಡೆ ಸಮಿತಿಗೆ ಬೇರೆ ಖಾತೆ ಇರುವುದಿಲ್ಲ, ಕೋಶಾಧಿಕಾರಿಯ ಸ್ವಂತ ಖಾತೆಯ ಕೋಡನ್ನೇ ಹಾಳೆಯಲ್ಲಿ ಹಾಕುತ್ತಾರೆ. ಹಾಳೆಯಲ್ಲಿ ದೇವರ ಹೆಸರು, ಪರದೆಯಲ್ಲಿ ಒಬ್ಬ ವ್ಯಕ್ತಿಯ ಹೆಸರು. ಎಚ್ಚರದ ಭಕ್ತರು ಅಲ್ಲೇ ನಿಲ್ಲುತ್ತಾರೆ. ಉಳಿದವರು "ಇರಲಿ, ಹೀಗೇ ಬರುತ್ತದೆ" ಎಂದು ಹಣ ಹಾಕುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು. ಹೆಸರು ಹೊಂದದಿದ್ದರೂ ಹಣ ಹಾಕುವುದು ಅವರಿಗೆ ರೂಢಿಯಾಗುತ್ತದೆ. ನಾಳೆ ಯಾರಾದರೂ ಬಸ್ ನಿಲ್ದಾಣದ ಬ್ಯಾನರಿನಲ್ಲಿ ಈ ಕೋಡಿನ ಮೇಲೆ ತಮ್ಮ ಕೋಡ್ ಅಂಟಿಸಿದರೆ ಅದನ್ನು ಹಿಡಿಯುವ ಒಂದೇ ಗುರುತು ಕೂಡ ಕೆಲಸಕ್ಕೆ ಬಾರದು.

ಆದ್ದರಿಂದ ಉತ್ಸವ ಸಮಿತಿಯ ಹೆಸರಲ್ಲೇ ಬ್ಯಾಂಕ್ ಖಾತೆ ತೆರೆದು, ಆ ಖಾತೆಯ ಕೋಡನ್ನೇ ಹಾಕಬೇಕು. ಅದಾದ ಮೇಲೆ ಒಂದು ರೂಪಾಯಿ ಕಳಿಸಿ ನೋಡಿ, ಪರದೆಯಲ್ಲಿ ಕಂಡ ಹೆಸರನ್ನು ಅಕ್ಷರ ಬಿಡದೆ ಬರೆದುಕೊಳ್ಳಬೇಕು. ಆ ಹೆಸರು ಇಂಗ್ಲಿಷ್ ಅಕ್ಷರದಲ್ಲಿದ್ದರೆ ಹಾಳೆಯಲ್ಲೂ ಹಾಗೇ ಇರಬೇಕು, ಯಾಕೆಂದರೆ ಓದುಗ ಎರಡನ್ನೂ ಕಣ್ಣಲ್ಲಿ ಹೋಲಿಸಬೇಕಲ್ಲ. ಸಾಲು ಹೀಗಾಗುತ್ತದೆ:

"ಬ್ರಹ್ಮಕಲಶೋತ್ಸವಕ್ಕೆ ದೇಣಿಗೆ ಕೊಡಲು ನಿಮ್ಮ ಯುಪಿಐ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ. ಮೊತ್ತ ನೀವೇ ಹಾಕಿ. ಪರದೆಯಲ್ಲಿ `UTSAVA SAMITI` ಎಂಬ ಹೆಸರು ಬರಬೇಕು. ಬೇರೆ ಹೆಸರು ಬಂದರೆ ಹಣ ಕಳಿಸಬೇಡಿ, ಈ ನಂಬರಿಗೆ ಫೋನ್ ಮಾಡಿ."

ಇದರ ಒಂದೊಂದು ತುಂಡಿಗೂ ಕಾರಣ ಇದೆ. "ಮೊತ್ತ ನೀವೇ ಹಾಕಿ" ಎಂದದ್ದು ಯಾಕೆಂದರೆ ಕೋಡಿನಲ್ಲಿ `am` ಎಂಬ ಭಾಗ ಸೇರಿಸಿದರೆ ಮೊತ್ತ ತುಂಬಿಕೊಂಡೇ ಬರುತ್ತದೆ. ಇಲ್ಲಿ ಹಾಗೆ ಬರಬಾರದು, ಬಂದರೆ ಕೋಡ್ ಬದಲಾಗಿದೆ ಎಂದರ್ಥ. ಹೆಸರಿನ ಸಾಲು ಕೋಡಿನ ಚೌಕದ ಒಳಗೆ ಇರಬಾರದು, ಸ್ವಲ್ಪ ದೂರದಲ್ಲಿರಬೇಕು. ಅಂಟಿಸುವವನ ಸ್ಟಿಕ್ಕರ್ ಕೋಡನ್ನು ಮುಚ್ಚಿದರೂ ಆ ಸಾಲು ಉಳಿಯುತ್ತದೆ, ಪರದೆಯ ಹೆಸರಿನ ಜತೆ ಜಗಳ ಆಡುತ್ತದೆ. ಅನುಮಾನ ಬಂದವರು ಬ್ಯಾನರಿನ ಕೋಡಿನ ಅಂಚಿಗೆ ಉಗುರು ತಾಗಿಸಿ ನೋಡಬಹುದು. ಅಚ್ಚಾದ ಕೋಡ್ ನುಣ್ಣಗಿರುತ್ತದೆ, ಅಂಟಿಸಿದ್ದರ ಅಂಚು ಕೈಗೆ ಸಿಗುತ್ತದೆ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ರಸೀದಿಯ ಮಾತೂ ಇಲ್ಲಿಯೇ ಬರಬೇಕು. ಯುಪಿಐನಲ್ಲಿ ಹಣ ಬಂದಾಗ ಸಮಿತಿಗೆ ಕೊಟ್ಟವರ ವಿಳಾಸ ಸಿಗುವುದಿಲ್ಲ. ಆದರೆ ಕೊಟ್ಟವರು ಮನೆಗೆ ರಸೀದಿ ಬರುತ್ತದೆ, ಪ್ರಸಾದ ಬರುತ್ತದೆ ಎಂದು ಕಾಯುತ್ತಿರುತ್ತಾರೆ. ಉತ್ಸವ ಮುಗಿದ ಮೇಲೆ "ನಾವು ಕೊಟ್ಟದ್ದು ಲೆಕ್ಕದಲ್ಲಿ ಇಲ್ಲ" ಎಂಬ ಮಾತು ಬರುವುದು ಹೀಗೆಯೇ. "ರಸೀದಿಗೆ ಹೆಸರು, ವಿಳಾಸವನ್ನು ಈ ನಂಬರಿಗೆ ಕಳಿಸಿ" ಎಂದು ಇನ್ನೊಂದು ಸಾಲು ಹಾಕಿದರೆ ಆ ನೋವು ತಪ್ಪುತ್ತದೆ. 80ಜಿ ತೆರಿಗೆ ರಿಯಾಯಿತಿ ಇರುವ ಟ್ರಸ್ಟ್ ಆದರೆ ಪಾನ್ ನಂಬರ್ ಬೇಕು ಎಂಬುದನ್ನೂ ಅಲ್ಲೇ ಹೇಳಬೇಕು.

ವಾಟ್ಸಾಪ್ ಕೋಡ್: ಸಿಗುವುದರ ಜತೆ ಕೊಡುವುದೂ ಇದೆ

ಗ್ರೂಪಿನ ಕೋಡ್ ಸ್ಕ್ಯಾನ್ ಮಾಡಿದರೆ `chat.whatsapp.com` ಎಂಬ ವಿಳಾಸ ತೆರೆದು, ಸೇರುತ್ತೀರಾ ಎಂದು ಕೇಳುತ್ತದೆ. ಸೇರಿದರೆ ನಿಮ್ಮ ಫೋನ್ ನಂಬರ್ ಗ್ರೂಪಿನ ಉಳಿದವರಿಗೂ ಕಾಣುತ್ತದೆ. ಒಂದು ಗ್ರೂಪಿನಲ್ಲಿ 1024 ಜನ ಇರಬಹುದು. ರಸ್ತೆಬದಿಯ ಬ್ಯಾನರಿನಲ್ಲಿ ಹಾಕಿದ ಕೋಡಾದರೆ ಅದರಲ್ಲಿ ಯಾರು ಬೇಕಾದರೂ ಸೇರಿಕೊಳ್ಳಬಹುದು. ಹೆಣ್ಣುಮಕ್ಕಳು ಹಿಂಜರಿಯುವುದು ಇದಕ್ಕೇ, ಅದು ಸರಿಯಾದ ಹಿಂಜರಿಕೆ.

ಕಾರ್ಯಕ್ರಮದ ಸಮಯ ತಿಳಿಸುವುದಷ್ಟೇ ಉದ್ದೇಶವಾದರೆ ಗ್ರೂಪಿನ ಬದಲು ವಾಟ್ಸಾಪ್ ಚಾನೆಲ್ ಮಾಡುವುದು ಉತ್ತಮ. ಚಾನೆಲ್ ಸೇರಿದವರ ನಂಬರ್ ಬೇರೆ ಫಾಲೋವರ್‌ಗಳಿಗೆ ಕಾಣುವುದಿಲ್ಲ. ಗ್ರೂಪೇ ಬೇಕೆಂದಾದರೆ "ಸೇರಿದರೆ ನಿಮ್ಮ ನಂಬರ್ ಗ್ರೂಪಿನ ಎಲ್ಲರಿಗೂ ಕಾಣುತ್ತದೆ" ಎಂದು ಬರೆಯಲೇಬೇಕು. ಗೂಗಲ್ ಫಾರಂ ಇಟ್ಟವರಿಗೂ ಇದೇ ಮಾತು. ಹೆಸರು, ನಂಬರ್, ವಯಸ್ಸು ಕೇಳುತ್ತೀರಿ ಎಂದಾದರೆ ಏನು ಕೇಳುತ್ತೀರಿ, ಯಾಕೆ ಕೇಳುತ್ತೀರಿ ಎಂದು ಹಾಳೆಯಲ್ಲೇ ಹೇಳಿ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಕೂಡ ಒಪ್ಪಿಗೆ ಕೇಳುವಾಗ ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂದು ತಿಳಿಸಬೇಕು ಎನ್ನುತ್ತದೆ.

ಮುಂಬಯಿಗೆ, ದುಬೈಗೆ ಹೋಗುವ ಹಾಳೆ

ನಮ್ಮ ಕರಾವಳಿಯ ಆಮಂತ್ರಣ ಊರಲ್ಲೇ ಉಳಿಯುವುದಿಲ್ಲ. ಮುಂಬಯಿಯಲ್ಲಿ ಹೋಟೆಲ್ ನಡೆಸುವ ಅಣ್ಣನಿಗೆ, ದುಬೈಯಲ್ಲಿ ಇರುವ ಮಗಳಿಗೆ ವಾಟ್ಸಾಪಿನಲ್ಲಿ ಚಿತ್ರವಾಗಿ ಹೋಗುತ್ತದೆ. ಅಲ್ಲಿ ಕೋಡ್ ಇರುವುದು ಅವರದೇ ಫೋನಿನ ಪರದೆಯಲ್ಲಿ. ಆ ಫೋನಿನ ಕ್ಯಾಮೆರಾದಿಂದ ಅದೇ ಫೋನಿನ ಪರದೆಯನ್ನು ಸ್ಕ್ಯಾನ್ ಮಾಡುವುದು ಹೇಗೆ? ಗ್ಯಾಲರಿಯಿಂದ ಚಿತ್ರ ತೆಗೆದು ಓದಿಸುವ ದಾರಿ ಇದೆ, ಆದರೆ ಅದು ಎಲ್ಲರಿಗೂ ಗೊತ್ತಿಲ್ಲ. ಹಾಗಾಗಿ ಚಿತ್ರ ಕಳಿಸುವಾಗ ಅದರ ಕೆಳಗೆ ಒತ್ತಿದರೆ ತೆರೆಯುವ ಲಿಂಕನ್ನೂ ಹಾಕಬೇಕು. ದೇಣಿಗೆಗಾದರೆ ಖಾತೆ ನಂಬರ್, ಐಎಫ್‌ಎಸ್‌ಸಿ ಸಂಖ್ಯೆ ಅಕ್ಷರದಲ್ಲಿ ಇರಬೇಕು. ಪದೇಪದೇ ಫಾರ್ವರ್ಡ್ ಆದ ಚಿತ್ರ ಮಸುಕಾಗಿ ಕೋಡ್ ಓದಲು ಬಾರದಿದ್ದರೂ ಆಗ ಕೆಲಸ ನಿಲ್ಲುವುದಿಲ್ಲ.

ಸಾಲು ಸರಿ ಇದ್ದರೂ ಕೋಡ್ ಸತ್ತರೆ

ಕೋಡಿನಲ್ಲಿ ಎರಡು ಬಗೆ. ಒಂದರಲ್ಲಿ ನಿಜವಾದ ವಿಳಾಸವೇ ಅಚ್ಚಾಗಿರುತ್ತದೆ. ಅದನ್ನು ಬದಲಿಸಲು ಆಗುವುದಿಲ್ಲ, ಅದಕ್ಕೆ ಅವಧಿಯೂ ಇಲ್ಲ. ಇನ್ನೊಂದರಲ್ಲಿ ಕೋಡ್ ಮಾಡಿಕೊಟ್ಟ ವೆಬ್‌ಸೈಟಿನ ಚಿಕ್ಕ ವಿಳಾಸ ಇರುತ್ತದೆ, ಅದು ಆಮೇಲೆ ನಿಮ್ಮ ಪುಟಕ್ಕೆ ಕಳಿಸುತ್ತದೆ. ಎರಡನೆಯದನ್ನು ಉಚಿತ ಎಂದು ಮಾಡಿಸಿಕೊಂಡು, ಪ್ರಯೋಗದ ಅವಧಿ ಮುಗಿದಾಗ ಕೋಡ್ ನಿಂತು ಹೋಗುವುದು ಸಾಮಾನ್ಯ. ಸಾವಿರಾರು ಹಾಳೆ ಹಂಚಿ ಆದ ಮೇಲೆ "ದಾರಿ ನೋಡಲು ಸ್ಕ್ಯಾನ್ ಮಾಡಿ" ಎಂಬ ಸಾಲಿನ ಮೇಲೆ ಯಾವುದೋ ಕಂಪನಿಯ ಜಾಹೀರಾತು ತೆರೆಯುತ್ತದೆ. ಗೊತ್ತಿಲ್ಲದ ವಿಳಾಸ ಕಂಡು ಎಚ್ಚರದವರು ಹಿಂದೆ ಸರಿಯುವುದಂತೂ ಮೊದಲ ದಿನದಿಂದಲೇ ಇದ್ದೀತು. ಒಮ್ಮೆ ನಡೆಯುವ ಉತ್ಸವಕ್ಕೆ ನೇರ ವಿಳಾಸದ ಕೋಡೇ ಸಾಕು.

ಗಾತ್ರಕ್ಕೆ ಒಂದು ಸರಳ ಲೆಕ್ಕ ಇದೆ: ಎಷ್ಟು ದೂರದಿಂದ ಸ್ಕ್ಯಾನ್ ಮಾಡುತ್ತಾರೋ ಅದರ ಹತ್ತನೇ ಒಂದು ಪಾಲು. ಕೈಯಲ್ಲಿ ಹಿಡಿಯುವ ಹಾಳೆಗೆ ಎರಡೂವರೆ ಸೆಂಟಿಮೀಟರ್ ಸಾಕು. ಮೂರು ಮೀಟರ್ ದೂರದಿಂದ ನೋಡುವ ಬ್ಯಾನರಿಗೆ ಮೂವತ್ತು ಸೆಂಟಿಮೀಟರ್ ಬೇಕು. ಸುತ್ತಲೂ ಬಿಳಿ ಅಂಚು ಬಿಡಬೇಕು. ಹೂವಿನ ಬಾರ್ಡರ್ ಕೋಡಿಗೆ ತಾಗಿಸಿದರೆ ಫೋನಿಗೆ ಕೋಡ್ ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ.

ಕನ್ನಡ ಅಕ್ಷರಗಳನ್ನು ಲಿಂಕಿನ ಒಳಗೆ ಸೇರಿಸದಿರುವುದೂ ಒಳ್ಳೆಯದು. ಲಿಂಕಿನಲ್ಲಿ ಒಂದೊಂದು ಕನ್ನಡ ಅಕ್ಷರಚಿಹ್ನೆ ಒಂಬತ್ತು ಅಕ್ಷರಗಳಷ್ಟು ಜಾಗ ತಿನ್ನುತ್ತದೆ. "ಕನ್ನಡ" ಎಂಬ ಮೂರಕ್ಷರದ ಪದದಲ್ಲಿ ಒತ್ತು ಸೇರಿ ಐದು ಚಿಹ್ನೆ, ಅಂದರೆ ನಲವತ್ತೈದು ಅಕ್ಷರ. ಚೌಕಗಳು ಸಣ್ಣದಾಗಿ, ಒತ್ತಾಗಿ, ಅಚ್ಚಿನಲ್ಲಿ ಕಲೆಸಿ ಹೋಗುತ್ತವೆ. ಕನ್ನಡ ಇರಬೇಕಾದ ಜಾಗ ಕೋಡಿನ ಕೆಳಗಿನ ಸಾಲು.

ಪ್ರೂಫ್ ಬಂದಾಗ

ಪ್ರೆಸ್ಸಿನಿಂದ ಪ್ರೂಫ್ ಬಂದಾಗ ಹೆಸರುಗಳ ತಪ್ಪು ನೋಡಲು ನಾಲ್ಕು ಜನ ಕೂರುತ್ತಾರೆ. ಕೋಡನ್ನು ನೋಡಲು ಸಮಿತಿಯಲ್ಲಿ ಇಲ್ಲದ ಒಬ್ಬರು ಬೇಕು. ಕಾಗದಕ್ಕೆ ಅಚ್ಚಾದ ಪ್ರೂಫನ್ನೇ ಅವರ ಕೈಗೆ ಕೊಟ್ಟು, ಕೋಡನ್ನು ಬೆರಳಲ್ಲಿ ಮುಚ್ಚಿ, ಕೆಳಗಿನ ಸಾಲು ಮಾತ್ರ ಓದಿಸಿ "ಈಗ ಫೋನಿನಲ್ಲಿ ಏನು ಬರುತ್ತದೆ?" ಎಂದು ಕೇಳಬೇಕು. ಅವರು ಹೇಳಿದ್ದು ಮತ್ತು ಬೆರಳು ತೆಗೆದು ಸ್ಕ್ಯಾನ್ ಮಾಡಿದಾಗ ಬಂದದ್ದು ಒಂದೇ ಆಗದಿದ್ದರೆ ತಪ್ಪು ಸಾಲಿನದ್ದು. ಈ ಪರೀಕ್ಷೆಯನ್ನು ಒಂದು ಹಳೆಯ ಫೋನಿನಲ್ಲೂ ಮಾಡಬೇಕು. ಫಾರಂ ಇದ್ದರೆ ಗೂಗಲ್ ಲಾಗಿನ್ ಕೇಳುತ್ತದೆಯೇ ಎಂಬುದು ಆಗಲೇ ತಿಳಿಯುವುದು. ಮಾಡಿದವರ ಫೋನಿನಲ್ಲಿ ಲಾಗಿನ್ ಮೊದಲೇ ಆಗಿರುವುದರಿಂದ ಅವರಿಗೆ ಅದು ಕಾಣುವುದಿಲ್ಲ.

ಪತ್ತನಾಜೆ ಕಳೆದು ಉತ್ಸವಗಳೆಲ್ಲ ನಿಂತ ಮೇಲೂ ಬ್ಯಾನರುಗಳು ಕಂಬದಲ್ಲಿ ಉಳಿಯುತ್ತವೆ, ಮಳೆಯಲ್ಲಿ ನೆನೆಯುತ್ತ ಕೋಡ್ ಹಾಗೇ ಇರುತ್ತದೆ. ಖಾತೆ ತೆರೆದೇ ಇದ್ದರೆ ಆ ಕೋಡಿಗೆ ಹಣವೂ ಬರುತ್ತದೆ, ಅದು ಯಾವ ಲೆಕ್ಕಕ್ಕೆ ಎಂದು ಆಮೇಲೆ ಯಾರಿಗೂ ಗೊತ್ತಿರುವುದಿಲ್ಲ. ದೇಣಿಗೆಯ ಸಾಲಿನ ಕೊನೆಗೆ ಒಂದು ತಾರೀಕು ಸೇರಿಸಿ: "ಈ ಕೋಡಿಗೆ ದೇಣಿಗೆ ಸ್ವೀಕರಿಸುವುದು ಇಂಥ ದಿನದವರೆಗೆ ಮಾತ್ರ." ಬ್ಯಾನರು ಕಟ್ಟಿದವರೇ ಆ ದಿನ ಹೋಗಿ ಅದನ್ನು ಬಿಚ್ಚಿ ತರಬೇಕು.